ಹಾಜರಾತಿ ಸುತ್ತೋಲೆಯ ಧಾಟಿ ಹೇಗಿರಬೇಕು? ನಿಮ್ಮ ಅನುಭವ ಹೇಳಿ

ಕೇಳಿದವರು: ನಮ್ಮದು ಸಣ್ಣ ಸಹಕಾರ ಸಂಘ, 24 ಸಿಬ್ಬಂದಿ. ಮುಂದಿನ ತಿಂಗಳಿಂದ ಬೆರಳಚ್ಚು ಹಾಜರಾತಿ. ಸುತ್ತೋಲೆ ನಾನೇ ಬರೆಯಬೇಕು. ಗಟ್ಟಿಯಾಗಿರಬೇಕು, ಯಾರ ಮನಸ್ಸೂ ನೋಯಬಾರದು. ಹೇಗೆ ಬರೆಯಲಿ?

ನಿವೃತ್ತ ಅಧೀಕ್ಷಕ, ತುಮಕೂರು: ‘ತಕ್ಕದ್ದು’ ಅಂತಲೇ ಮುಗಿಸಿ. ನಾನು ಒಂದು ಸಲ ‘ಸಮಯಕ್ಕೆ ಹಾಜರಾಗಲು ವಿನಂತಿಸಲಾಗಿದೆ’ ಎಂದು ಬರೆದೆ. ಆಮೇಲೆ ತಡವಾಗಿ ಬಂದ ಇಬ್ಬರಿಗೆ ಅರ್ಧ ದಿನದ ರಜೆ ಕಳೆದೆವು. ಅವರು ಅದೇ ಹಾಳೆ ಹಿಡಿದು ಸಾಹೇಬರ ಹತ್ತಿರ ಹೋದರು. ‘ಇದು ವಿನಂತಿ, ಆದೇಶವಲ್ಲ’ ಎಂದರು. ರಜೆ ವಾಪಸ್ ಕೊಟ್ಟೆವು. ಆ ಅವಮಾನ ಇವತ್ತಿಗೂ ಮರೆತಿಲ್ಲ.

ಲೆಕ್ಕಪತ್ರ ವಿಭಾಗ, ಹುಬ್ಬಳ್ಳಿ: ನಮಗೆ ಬಂದ ಸುತ್ತೋಲೆ ಶುರುವಾಗಿದ್ದೇ ‘ಸಿಬ್ಬಂದಿ ತಡವಾಗಿ ಬರುತ್ತಿರುವುದು ಗಮನಕ್ಕೆ ಬಂದಿರುತ್ತದೆ’ ಎಂದು. ನಾನು ದಿನಾ 9:40ಕ್ಕೆ ಬರುವವಳು. ಓದಿ ಕಣ್ಣಲ್ಲಿ ನೀರು ಬಂತು. ಆಮೇಲೆ ಯಂತ್ರ ನನ್ನ ಹೆಬ್ಬೆರಳು ತೆಗೆದುಕೊಳ್ಳಲಿಲ್ಲ. ನಾಲ್ಕು ದಿನ ಅರ್ಧರ್ಧ ಹೋಗಿ ಎರಡು ರಜೆ ಖಾಲಿ. ಕೊನೆಯ ಸಾಲಲ್ಲಿ ‘ತಪ್ಪಿದಲ್ಲಿ ಶಿಸ್ತು ಕ್ರಮ’ ಇತ್ತು. ಯಂತ್ರ ಕೈಕೊಟ್ಟರೆ ಯಾರಿಗೆ ಹೇಳಬೇಕು ಅನ್ನುವುದು ಇರಲಿಲ್ಲ. ಮೂರು ಮೇಜು ಸುತ್ತಿದೆ. ರಜೆ ಇನ್ನೂ ಬಂದಿಲ್ಲ.

ಉಪನ್ಯಾಸಕಿ, ಹಾಸನ: ಉಡುಪಿನ ಸುತ್ತೋಲೆಯೂ ಹೀಗೇ! ‘ಸಭ್ಯ ಉಡುಪು ಧರಿಸತಕ್ಕದ್ದು’ ಅಷ್ಟೇ. ಸಭ್ಯ ಅಂದರೆ ಯಾವುದು? ಸುಮ್ನೆ ಯಾಕೆ ತಕರಾರು ಅಂತ 1,850 ರೂಪಾಯಿ ಕೊಟ್ಟು ಎರಡು ಸೀರೆ ತಂದೆ. ಹದಿನೈದು ದಿನಕ್ಕೆ ‘ಚೂಡಿದಾರವೂ ಆಗಬಹುದು’ ಎಂದು ತಿದ್ದುಪಡಿ ಬಂತು. ಬಟ್ಟೆಯ ಹೆಸರು ಮೊದಲೇ ಬರೆಯಬಹುದಿತ್ತು ಅಲ್ವಾ?

ನಿವೃತ್ತ ಅಧೀಕ್ಷಕ: ಹುಬ್ಬಳ್ಳಿ ಮೇಡಂ, ನಿಮ್ಮ ರಜೆ ಹೋಗಿದ್ದು ಯಂತ್ರದಿಂದ. ‘ತಕ್ಕದ್ದು’ ಏನು ಮಾಡಿತು?

ಲೆಕ್ಕಪತ್ರ ವಿಭಾಗ: ಸರ್, ಆ ಧಾಟಿ ನೋಡಿಯೇ ಯಾರೂ ನನ್ನ ಮಾತು ನಂಬಲಿಲ್ಲ. ಕಳ್ಳರು ಎಂದು ಮೊದಲೇ ಬರೆದಾಗಿತ್ತಲ್ಲ.

ಸಂಘದ ಮಾಜಿ ಕಾರ್ಯದರ್ಶಿ, ಶಿರಸಿ: ಸರ್ಕಾರಿ ಕಚೇರಿಯ ಶಿಸ್ತು ಕ್ರಮದ ಹಿಂದೆ 1957ರ ಸಿಸಿಎ ನಿಯಮಗಳಿವೆ. ಅವು ಸರ್ಕಾರಿ ನೌಕರರಿಗೆ. ಸರ್ಕಾರಿ ಮಾದರಿ ನಕಲು ಮಾಡುವಾಗ ಆ ಸಾಲೂ ಬಂದುಬಿಡುತ್ತದೆ. ನಾನೂ ಹಾಗೆ ಮಾಡಿ, ‘ಇದು ನಮಗೆ ಹೇಗೆ ಅನ್ವಯ?’ ಎಂದು ಲಿಖಿತ ಪ್ರಶ್ನೆ ಬಂದು ಸುತ್ತೋಲೆ ಹಿಂದಕ್ಕೆ ತೆಗೆದುಕೊಂಡೆ. ‘ಉಲ್ಲೇಖ’ದಲ್ಲಿ ನಿಮ್ಮ ಆಡಳಿತ ಮಂಡಳಿಯ ಠರಾವು ಸಂಖ್ಯೆ, ದಿನಾಂಕ ಹಾಕಿ. ‘ಗಮನಕ್ಕೆ ಬಂದಿರುತ್ತದೆ’ ಬಿಡಿ. ಎರಡನೇ ಸಲ ನಾನು ಬರೆದದ್ದು ಹೀಗೆ: ‘ದಿನಾಂಕ 1ರಿಂದ ಎಲ್ಲರೂ ಬೆಳಿಗ್ಗೆ 10ಕ್ಕೆ ಬೆರಳಚ್ಚು ನೀಡತಕ್ಕದ್ದು. ಯಂತ್ರ ಸ್ವೀಕರಿಸದಿದ್ದರೆ ಆಗಲೇ ಹಾಜರಿ ಪುಸ್ತಕದಲ್ಲಿ ಸಮಯ ಬರೆದು ಸಹಿ ಮಾಡಿ, ವ್ಯವಸ್ಥಾಪಕರಿಗೆ ತಿಳಿಸಬೇಕು. ಅಂಥ ದಿನಕ್ಕೆ ರಜೆ ಕಳೆಯುವುದಿಲ್ಲ.’ ‘ತಕ್ಕದ್ದು’ ಒಂದೇ ಸಲ.

ನಿವೃತ್ತ ಅಧೀಕ್ಷಕ: ಠರಾವಿನ ಮಾತು ಒಪ್ಪಿದೆ. ಆದರೆ ‘ರಜೆ ಕಳೆಯುವುದಿಲ್ಲ’ ಎಂದು ಬರೆದರೆ ದಿನಾ ಯಂತ್ರ ಕೆಡುತ್ತದೆ, ನೋಡುತ್ತಿರಿ.

ಲೆಕ್ಕಪತ್ರ ವಿಭಾಗ: ಮತ್ತೆ ಅದೇ ಅನುಮಾನ! ನನ್ನ ಎರಡು ರಜೆ ನೀವು ಕೊಡಿಸುತ್ತೀರಾ ಸರ್?