ಕೋಣೆ ಬದಲಾವಣೆಯ ರೀಲನ್ನು ಯಾರೂ ಕೊನೆಯವರೆಗೆ ನೋಡುತ್ತಿಲ್ಲ, ಸ್ಕ್ರಿಪ್ಟ್‌ನಲ್ಲಿ ದೋಷ ಎಲ್ಲಿದೆ?

ಹಾಸನದ_ಒಳಾಂಗಣ:
ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕ ಪ್ರಮಾಣದಲ್ಲಿ ಮನೆಗಳ ಒಳಾಂಗಣ ವಿನ್ಯಾಸ ಮಾಡುತ್ತೇನೆ. ಇತ್ತೀಚೆಗೆ ಮುಗಿಸಿದ ಮಲಗುವ ಕೋಣೆಯೊಂದರ ಬಗ್ಗೆ, ಕೈಬರಹದ ನಕ್ಷೆಯಿಂದ ಹಿಡಿದು ಸಿದ್ಧ ಕೋಣೆಯವರೆಗೆ ತೋರಿಸುವ 34 ಸೆಕೆಂಡಿನ ರೀಲ್ ಮಾಡಿದೆ. ಮೊದಲು ನಮ್ಮ ಲೋಗೋ, ನಂತರ ನಕ್ಷೆ, ನಂತರ ಬಡಗಿ ಕೆಲಸ, ಕೊನೆಗೆ ಸಿದ್ಧ ಕೋಣೆ. ಎಲ್ಲರೂ ಮಾಡುವುದು ಇದನ್ನೇ. ಆದರೂ ಅರ್ಧಕ್ಕಿಂತ ಹೆಚ್ಚು ಜನ ಕೋಣೆ ಕಾಣುವ ಮೊದಲೇ ಹೊರಟುಹೋಗುತ್ತಾರೆ, ಉಳಿದವರಲ್ಲಿ ಇಬ್ಬರು "ಇದು ಅದೇ ರೂಮಾ?" ಎಂದು ಕೇಳಿದ್ದಾರೆ. ಕೆಲಸ ಚೆನ್ನಾಗಿ ಬಂದಿದೆ, ಮನೆಯವರಿಗೂ ಇಷ್ಟವಾಗಿದೆ. ದೋಷ ಸ್ಕ್ರಿಪ್ಟ್‌ನದೇ, ಹಿನ್ನೆಲೆ ಸಂಗೀತದ್ದೇ ಎಂದು ಬಲ್ಲವರು ತಿಳಿಸಬೇಕು.

ಕಿರುಮಸೂರ:
ರೀಲ್ ನೋಡದೆಯೇ ಹೇಳಬಲ್ಲೆ. ಸಿದ್ಧ ಕೋಣೆಯನ್ನು ಫೋನಿನ 0.5 ಲೆನ್ಸ್‌ನಲ್ಲಿ ತೆಗೆದಿದ್ದೀರಿ. ಆ ಲೆನ್ಸ್‌ನಲ್ಲಿ ಹತ್ತಡಿ ಕೋಣೆ ಕಲ್ಯಾಣ ಮಂಟಪದಂತೆ ಕಾಣುತ್ತದೆ, ಆದ್ದರಿಂದಲೇ ಜನ ಅದೇ ರೂಮಾ ಎಂದು ಕೇಳುತ್ತಾರೆ.

ಹಾಸನದ_ಒಳಾಂಗಣ:
ಸಿದ್ಧ ಕೋಣೆ 0.5ರಲ್ಲಿದೆ, ನಿಜ. ಹಳೆಯ ಕೋಣೆ 1ರಲ್ಲಿದೆ. ಮೊದಲ ಭೇಟಿಯಲ್ಲಿ ಅಳತೆ ತೆಗೆದುಕೊಳ್ಳುವಾಗ ತೆಗೆದ ವಿಡಿಯೊ ಅದು.

ಕಿರುಮಸೂರ:
ನೋಡಿ, ನಾನು ಹೇಳಿದ್ದೇ ಸರಿಯಾಯಿತು. ಎರಡನ್ನೂ 1ರಲ್ಲಿ ತೆಗೆಯಿರಿ, ಸಮಸ್ಯೆ ಮುಗಿಯುತ್ತದೆ.

ಮೂರಾಯಾಮ:
ಕೈಬರಹದ ನಕ್ಷೆಯನ್ನು ಈ ಕಾಲದಲ್ಲಿ ಯಾರು ನೋಡುತ್ತಾರೆ? ನಕ್ಷೆಯ ಜಾಗದಲ್ಲಿ ತ್ರೀಡಿ ವಾಕ್‌ಥ್ರೂ ಹಾಕಿ. ನಾನು ಹೊಸ ಗ್ರಾಫಿಕ್ ಕಾರ್ಡ್ ಹಾಕಿಸಿಕೊಂಡ ಮೇಲೆ, ಪರದೆಯ ನೇಯ್ಗೆಯ ಎಳೆ ಸಹ ಕಾಣುವಂತೆ ರೆಂಡರ್ ಮಾಡುತ್ತಿದ್ದೇನೆ. ಬೇಕಾದರೆ ನನ್ನ ಕಂಪ್ಯೂಟರ್‌ನ ವಿವರ ಕೊಡುತ್ತೇನೆ.

ಕತ್ತರಿಮೇಜು:
ಅವರು ಕೇಳಿದ್ದು ರೆಂಡರ್ ಬಗ್ಗೆ ಅಲ್ಲ. ಮೇಲಾಗಿ, ಕಣ್ಣಿಗೆ ಹಬ್ಬವಾಗುವ ರೆಂಡರನ್ನು ಐದನೆಯ ಸೆಕೆಂಡಿನಲ್ಲೇ ತೋರಿಸಿಬಿಟ್ಟರೆ ಕೊನೆಯ ಕೋಣೆಯಲ್ಲಿ ನೋಡಲು ಹೊಸದೇನೂ ಉಳಿಯುವುದಿಲ್ಲ.

ಮೂಲ ಪ್ರಶ್ನೆ ಹಾಕಿದವರಲ್ಲಿ ಮೂರು ವಿಷಯ ಕೇಳಬೇಕಿದೆ. ಇನ್‌ಸೈಟ್ಸ್‌ನಲ್ಲಿ, ಜನ ಎಷ್ಟು ಹೊತ್ತು ನೋಡುತ್ತಾರೆಂದು ತೋರಿಸುವ ಗೆರೆ ಯಾವ ಸೆಕೆಂಡಿನಲ್ಲಿ ಬೀಳುತ್ತದೆ? ಕೋಣೆಯ ಅಳತೆ ಎಷ್ಟು, ಏನು ಬದಲಾಯಿತು? ನಕ್ಷೆಯಲ್ಲಿ ಬಾಗಿಲು ಯಾವ ಕಡೆಗಿದೆ, ಕ್ಯಾಮೆರಾ ಎಲ್ಲಿ ನಿಂತಿತ್ತು?

ಹಾಸನದ_ಒಳಾಂಗಣ:
ಮೊದಲ ಮೂರು ಸೆಕೆಂಡು ಲೋಗೋ ಇದೆ, ಅಲ್ಲಿ ಸ್ವಲ್ಪ ಜನ ಹೋಗುತ್ತಾರೆ. ದೊಡ್ಡ ಇಳಿತ ಐದನೆಯ ಸೆಕೆಂಡಿನಿಂದ ಹತ್ತನೆಯದರವರೆಗೆ. ನಕ್ಷೆ ಇರುವುದು ಮೂರರಿಂದ ಹನ್ನೊಂದರವರೆಗೆ.

ಕೋಣೆ ಪೂರ್ವ-ಪಶ್ಚಿಮ 10 ಅಡಿ, ಉತ್ತರ-ದಕ್ಷಿಣ 11 ಅಡಿ. ಬಾಗಿಲು ಉತ್ತರ ಗೋಡೆಯಲ್ಲಿದೆ, ಕಿಟಕಿ ಪೂರ್ವದಲ್ಲಿ. ಪಶ್ಚಿಮದ ಗೋಡೆಗೆ 2 ಅಡಿ ಆಳದ ಬೀರು. ಹಿಂದೆ 5 ಅಡಿ ಅಗಲ, ಆರೂವರೆ ಅಡಿ ಉದ್ದದ ಮಂಚದ ತಲೆಭಾಗ ಪೂರ್ವಕ್ಕಿತ್ತು. ಈಗ ದಕ್ಷಿಣಕ್ಕೆ ತಿರುಗಿಸಿದ್ದೇವೆ. ಬೀರುವಿನ ಶಟರ್‌ಗಳು ಹಳೆಯವೇ, ತಲಾ 21 ಅಂಗುಲ, ಹೊಸ ಲ್ಯಾಮಿನೇಟ್ ಅಂಟಿಸಿದ್ದೇವೆ. ನಕ್ಷೆ ಎಲ್ಲ ನಕ್ಷೆಗಳಂತೆ ಉತ್ತರ ಮೇಲಕ್ಕೆ ಇದೆ. ಕ್ಯಾಮೆರಾ ಬಾಗಿಲಲ್ಲಿತ್ತು, ಇನ್ನೆಲ್ಲಿ ಇರಲು ಸಾಧ್ಯ?

ಕತ್ತರಿಮೇಜು:
ಹಾಗಾದರೆ ದೋಷ ಸಿಕ್ಕಿತು. ಬಾಗಿಲು ಉತ್ತರದಲ್ಲಿದೆ, ಉತ್ತರ ಕಾಗದದ ಮೇಲಂಚಿನಲ್ಲಿದೆ. ಅಂದರೆ ನಕ್ಷೆಯನ್ನು ನೋಡುವವರಿಗೆ ಬೀರು ಎಡಗಡೆ ಕಾಣುತ್ತದೆ. ಬಾಗಿಲಲ್ಲಿ ನಿಂತು ದಕ್ಷಿಣಕ್ಕೆ ನೋಡುವ ಕ್ಯಾಮೆರಾಗೆ ಅದೇ ಬೀರು ಬಲಗಡೆ ಇದೆ, ಕಿಟಕಿ ಎಡಗಡೆ. ದಿನವೂ ನಕ್ಷೆ ಓದುವ ನಿಮ್ಮ ಕಣ್ಣು ಅದನ್ನು ತಾನಾಗಿ ತಿರುಗಿಸಿಕೊಳ್ಳುತ್ತದೆ. ಫೋನಿನಲ್ಲಿ ಬೆರಳಾಡಿಸುತ್ತ ಕೂತವರು ಆ ಶ್ರಮ ಪಡುವುದಿಲ್ಲ, ಮುಂದಿನ ರೀಲಿಗೆ ಹೋಗುತ್ತಾರೆ. ಸಹನೆಯಿಂದ ಉಳಿದವರಿಗೂ ಕೊನೆಯಲ್ಲಿ ಎಡಬಲ ಅದಲುಬದಲಾದ ಕೋಣೆ ಕಾಣುವುದರಿಂದ "ಅದೇ ರೂಮಾ" ಎಂಬ ಅನುಮಾನ ಸಹಜವೇ ಆಗಿದೆ.

ಲೆನ್ಸ್‌ನ ಮಾತು ಪೂರ್ತಿ ಸುಳ್ಳಲ್ಲ. ಆದರೆ ಐದನೆಯ ಸೆಕೆಂಡಿನಲ್ಲಿ 0.5ರ ದೃಶ್ಯ ಇನ್ನೂ ಬಂದೇ ಇಲ್ಲ. ಅಲ್ಲಿ ಹೊರಟುಹೋದವರು ಕಾಣದ ಲೆನ್ಸ್‌ಗೆ ಬೇಸತ್ತು ಹೋಗಿರಲಾರರು.

ಕಿರುಮಸೂರ:
ಒಪ್ಪುವುದಿಲ್ಲ. ಕಾಮೆಂಟ್ ಬಂದಿರುವುದು ಕೋಣೆಯ ಬಗ್ಗೆ, ನಕ್ಷೆಯ ಬಗ್ಗೆ ಅಲ್ಲ. 0.5 ಬಿಟ್ಟು 1ರಲ್ಲಿ ತೆಗೆದು ನೋಡಲಿ.

ಕತ್ತರಿಮೇಜು:
ಫೋನನ್ನು ನಿಲ್ಲಿಸಿ ಹಿಡಿದಾಗ 1 ಲೆನ್ಸ್‌ಗೆ ಹನ್ನೊಂದಡಿ ದೂರದಲ್ಲಿ ವಿಡಿಯೊದಲ್ಲಿ ಹೆಚ್ಚುಕಡಿಮೆ ಎಂಟಡಿ ಅಗಲವಷ್ಟೇ ಸಿಗುತ್ತದೆ. ಎದುರಿನ ಗೋಡೆಯ ಹೆಚ್ಚಿನ ಭಾಗ ಕಾಣುತ್ತದೆ, ಆದರೆ ಬಲಗಡೆಯ ಬೀರುವಿನಲ್ಲಿ ಹತ್ತಿರದ ಭಾಗ ಪೂರ್ತಿ ಕತ್ತರಿಸಿ ಹೋಗುತ್ತದೆ. ಈ ಕೋಣೆಯ ಕಥೆ ಇರುವುದೇ ಬೀರುವಿನಲ್ಲಿ. ಇಷ್ಟು ಚಿಕ್ಕ ಕೋಣೆಗೆ 0.5 ಬಳಸುವುದರಲ್ಲಿ ತಪ್ಪಿಲ್ಲ. ಫೋನ್ ಮುಂದಕ್ಕಾಗಲಿ ಹಿಂದಕ್ಕಾಗಲಿ ವಾಲದೆ ಲಂಬವಾಗಿ ನಿಂತಿದ್ದರೆ ಗೋಡೆಯ ಮೂಲೆಗಳು ನೆಟ್ಟಗೇ ಬರುತ್ತವೆ. ಮೊದಲಿನದು ಒಂದು ಲೆನ್ಸ್, ನಂತರದ್ದು ಇನ್ನೊಂದು ಆದಾಗ ಮಾತ್ರ ಮೋಸದಂತೆ ಕಾಣುತ್ತದೆ.

ಅಡುಗೆಮನೆ_ಅಳತೆ:
ನನ್ನದೂ ಇದೇ ಗೋಳು. ನಾನು ಎಲ್-ಆಕಾರದ ಅಡುಗೆಮನೆಯ ನಕ್ಷೆ ಹಾಕಿದ್ದೆ, ಸಿಂಕ್ ಎಲ್ಲಿದೆ ಎಂದು ಒಬ್ಬರಿಗೂ ಗೊತ್ತಾಗಲಿಲ್ಲ. ನಕ್ಷೆಯನ್ನು ಎಡಿಟಿಂಗ್‌ನಲ್ಲಿ ತಲೆಕೆಳಗು ಫ್ಲಿಪ್ ಮಾಡಿದರೆ ಬಾಗಿಲು ಕೆಳಗೆ ಬರುತ್ತದಲ್ಲವೇ? ಒಂದು ಗುಂಡಿ ಒತ್ತಿದರೆ ಸಾಕು.

ಕತ್ತರಿಮೇಜು:
ಫ್ಲಿಪ್ ಮಾಡಬೇಡಿ. ಫ್ಲಿಪ್ ಮಾಡಿದರೆ ಬಾಗಿಲು ಕೆಳಗೆ ಬರುತ್ತದೆ ನಿಜ, ಆದರೆ ಬೀರು ಎಡಗಡೆಯೇ ಉಳಿಯುತ್ತದೆ. ನಕ್ಷೆಯನ್ನು 180 ಡಿಗ್ರಿ ತಿರುಗಿಸಬೇಕು. ಆಗ ಅಂಕಿಗಳು ತಲೆಕೆಳಗಾಗುತ್ತವೆ, ಆದ್ದರಿಂದ ಹೊಸ ಕಾಗದದಲ್ಲಿ ಮತ್ತೆ ಬರೆಯುವುದೇ ಸುಲಭ. ಒಂದು ಅಡಿಗೆ ಅರ್ಧ ಅಂಗುಲದಂತೆ ಬರೆದರೆ ಕೋಣೆ ಐದು ಅಂಗುಲ ಅಗಲ, ಐದೂವರೆ ಅಂಗುಲ ಉದ್ದ ಆಗುತ್ತದೆ. ಮಂಚವನ್ನು ಬರೆಯಬೇಡಿ, ಎರಡೂವರೆ ಅಂಗುಲಕ್ಕೆ ಮೂರೂಕಾಲು ಅಂಗುಲದ ಬಣ್ಣದ ಕಾಗದವನ್ನು ಕತ್ತರಿಸಿ ಮೇಲಿಡಿ. ಅದನ್ನು ಕೈಯಿಂದಲೇ ತಿರುಗಿಸಿ ತೋರಿಸಬಹುದು.

ಬಡಗಿ_ಮನೆಯವಳು:
ನಾನೊಂದು ಲೆಕ್ಕ ಕೇಳುತ್ತೇನೆ. ಹಿಂದೆ ಹತ್ತು ಅಡಿಯಲ್ಲಿ ಬೀರುವಿಗೆ ಎರಡು, ಮಂಚಕ್ಕೆ ಆರೂವರೆ ಹೋದರೆ ಉಳಿಯುವುದು ಒಂದೂವರೆ ಅಡಿ, ಅಂದರೆ 18 ಅಂಗುಲ. ಶಟರ್ 21 ಅಂಗುಲ. ಆ ಮನೆಯವರು ಬೀರುವಿನ ಬಾಗಿಲು ತೆರೆಯುತ್ತಿದ್ದುದಾದರೂ ಹೇಗೆ?

ಹಾಸನದ_ಒಳಾಂಗಣ:
ಮಂಚದ ಎದುರಿಗಿದ್ದ ಶಟರ್‌ಗಳನ್ನು ಅವರು ಪೂರ್ತಿ ತೆರೆಯುತ್ತಲೇ ಇರಲಿಲ್ಲ. ಮಂಚದ ಮೇಲೆ ಕುಳಿತು, ಓರೆಯಾಗಿ ಕೈ ಹಾಕಿ ಬಟ್ಟೆ ತೆಗೆಯುತ್ತಿದ್ದರು. ನಮ್ಮನ್ನು ಕರೆದದ್ದೇ ಅದಕ್ಕೆ. ಮೊದಲ ಭೇಟಿಯ ವಿಡಿಯೊದಲ್ಲಿ ಆ ಮನೆಯ ಮಗಳು ಶಟರ್ ತೆರೆದು ಮಂಚಕ್ಕೆ ತಾಗಿಸಿ ತೋರಿಸಿದ್ದಾಳೆ. ರೀಲಿಗೆ ಅದು ಚೆನ್ನಾಗಿ ಕಾಣುವುದಿಲ್ಲವೆಂದು ಬಿಟ್ಟಿದ್ದೆ.

ಕತ್ತರಿಮೇಜು:
ರೀಲ್ ಶುರುವಾಗಬೇಕಾದದ್ದು ಅಲ್ಲಿಂದಲೇ. ಆ ಶಟರ್ ಮಂಚಕ್ಕೆ ತಾಗುವುದನ್ನು ಕಂಡವರಿಗೆ ನಕ್ಷೆ ಏಕೆ ಬಂತೆಂದು ಹೇಳುವ ಅಗತ್ಯವೇ ಇಲ್ಲ. ನಾನಾಗಿದ್ದರೆ 28 ಸೆಕೆಂಡಿಗೆ ಹೀಗೆ ಬರೆಯುತ್ತಿದ್ದೆ:

ಮೊದಲ ಮೂರು ಸೆಕೆಂಡು, ಶಟರ್ ಮಂಚಕ್ಕೆ ತಾಗುವ ದೃಶ್ಯ ಅದರ ಸದ್ದಿನ ಸಮೇತ. ಮೇಲೆ ನಿಮ್ಮ ದನಿ: "ಈ ಬೀರು ಪೂರ್ತಿ ತೆರೆಯುವುದೇ ಇಲ್ಲ."

ಅಲ್ಲಿಂದ ಒಂಬತ್ತನೆಯ ಸೆಕೆಂಡಿನವರೆಗೆ ನಕ್ಷೆ. ಬಾಗಿಲು ಕಾಗದದ ಕೆಳಗಿರಲಿ. ಪೆನ್ನಿನ ತುದಿ ಬಾಗಿಲಿನಿಂದ ಒಳಗೆ ಬಂದು ಮಂಚ ಮತ್ತು ಬೀರುವಿನ ನಡುವೆ ನಿಲ್ಲಲಿ. "ಇಲ್ಲಿರುವುದು ಒಂದೂವರೆ ಅಡಿ. ಮಂಚ ತಿರುಗಿಸಿದರೆ ಮೂರಡಿ." ಎರಡನೆಯ ವಾಕ್ಯಕ್ಕೆ ಸರಿಯಾಗಿ ಕೈ ಆ ಕಾಗದದ ಮಂಚವನ್ನು ತಿರುಗಿಸಿ ಪೂರ್ವದ ಗೋಡೆಗೆ ತಾಗಿಸಬೇಕು. ಬೇರೆ ಯಾವ ಅಳತೆಯನ್ನೂ ಹೇಳಬೇಡಿ. ಅಂಕಿಯನ್ನು ಪರದೆಯ ಮಧ್ಯಕ್ಕಿಂತ ಸ್ವಲ್ಪ ಮೇಲೆ ಬರೆಯಿರಿ, ಕೆಳಗೆ ಬರೆದರೆ ಖಾತೆಯ ಹೆಸರು ಮತ್ತು ಶೀರ್ಷಿಕೆ ಅದನ್ನು ಮುಚ್ಚುತ್ತವೆ.

ಹದಿನೆಂಟರವರೆಗೆ ಕೆಲಸದ ಮೂರೇ ದೃಶ್ಯ: ಖಾಲಿ ಕೋಣೆ, ಲ್ಯಾಮಿನೇಟ್ ಅಂಟಿಸುವುದು, ದೀಪ ಹೊತ್ತುವುದು. ಮೂರೂ ಬಾಗಿಲಿನಿಂದಲೇ ತೆಗೆದಿದ್ದರೆ ಒಳ್ಳೆಯದು. ದನಿ ಬೇಡ.

ನಂತರ ಅದೇ ಜಾಗದಿಂದ, ಅದೇ ಹುಡುಗಿ ಅದೇ ಶಟರನ್ನು ಪೂರ್ತಿ ತೆರೆಯಲಿ. ಕ್ಯಾಮೆರಾ ಅಲುಗದಿರಲಿ. ಆ ಮೇಲೆ ಬೇಕಿದ್ದರೆ ಕಿಟಕಿ, ಓದುವ ಮೇಜು, ಕೊನೆಯ ಎರಡು ಸೆಕೆಂಡಿಗೆ ನಿಮ್ಮ ಹೆಸರು. ಒಟ್ಟು ಮಾತು ಐವತ್ತು ಪದಗಳನ್ನು ದಾಟದಿರಲಿ. ದಾಟಿದರೆ ಓದುವುದು ಅವಸರವಾಗುತ್ತದೆ.

ಬಡಗಿ_ಮನೆಯವಳು:
ಸ್ಕ್ರಿಪ್ಟ್ ಚೆನ್ನಾಗಿದೆ, ಆದರೆ ಮೂರಡಿ ಸಿಗಬೇಕಾದರೆ ಮಂಚ ಪೂರ್ವದ ಗೋಡೆಗೆ ಅಂಟಿಕೊಂಡಿರಬೇಕು. ಇಬ್ಬರು ಮಲಗಿದರೆ ಒಳಗಡೆಯವರು ಏಳುವುದು ಹೇಗೆ ಎಂದು ಯಾರಾದರೂ ಕಾಮೆಂಟ್ ಹಾಕುವುದು ಖಂಡಿತ.

ಹಾಸನದ_ಒಳಾಂಗಣ:
ಒಬ್ಬಳೇ ಮಗಳ ಕೋಣೆ. ಅದನ್ನು ಶೀರ್ಷಿಕೆಯಲ್ಲಿ ಬರೆಯುತ್ತೇನೆ. ಈಗ ಇನ್ನೊಂದು ತೊಡಕಿದೆ. ಹಳೆಯ ದೃಶ್ಯವನ್ನು ಮತ್ತೆ ತೆಗೆಯಲಾಗದು, ಅದು 1ರಲ್ಲೇ ಇದೆ, ಎಲ್ಲಿ ನಿಂತು ತೆಗೆದೆನೆಂಬ ಗುರುತೂ ಇಲ್ಲ. ಜೊತೆಗೆ, ಹೊಸ ದೃಶ್ಯದಲ್ಲಿ ಫಾಲ್ಸ್ ಸೀಲಿಂಗ್‌ನ ಪಟ್ಟಿ ದೀಪ ಹೊತ್ತಿದಾಗ ಕಪ್ಪು ಗೆರೆಗಳು ಮೇಲಕ್ಕೆ ಹರಿಯುತ್ತವೆ.

ಕಿರುಮಸೂರ:
ಗೆರೆಗಳಿಗೆ ಕಾರಣ 30 ಫ್ರೇಮ್. ನಮ್ಮ ವಿದ್ಯುತ್ತು 50 ಹರ್ಟ್ಜ್, 25 ಫ್ರೇಮ್‌ನಲ್ಲಿ ತೆಗೆದರೆ ಹೋಗುತ್ತವೆ.

ಮೂರಾಯಾಮ:
ಫ್ರೇಮ್ ಎಷ್ಟಾದರೂ ಇರಲಿ, ಕ್ಯಾಮೆರಾದ ಶಟರ್ ವೇಗ 1/50 ಅಥವಾ 1/100 ಇದ್ದರೆ ಸಾಕು. ನನ್ನ ಕ್ಯಾಮೆರಾದಲ್ಲಿ ಆ ಗೆರೆಗಳನ್ನು ನಾನು ಕಂಡೇ ಇಲ್ಲ.

ಕತ್ತರಿಮೇಜು:
ಮೂರಾಯಾಮ ಹೇಳಿದ್ದು ಮಾಮೂಲಿ ಬಲ್ಬುಗಳಿಗೆ ಸರಿ. ಪಟ್ಟಿ ದೀಪಕ್ಕೆ ಡಿಮ್ಮರ್ ಇದ್ದರೆ ಅದರ ಮಿನುಗು ಬೇರೆ ವೇಗದ್ದು, 1/100 ಇಟ್ಟರೂ ಗೆರೆ ಬರಬಹುದು. ಮೊದಲು ಡಿಮ್ಮರನ್ನು ಪೂರ್ತಿ ಏರಿಸಿ ನೋಡಿ. ಹೋದರೆ ಡಿಮ್ಮರ್‌ನದೇ ತಪ್ಪು. ಹೋಗದಿದ್ದರೆ ಆ ದೀಪ ಆರಿಸಿ ಕಿಟಕಿಯ ಬೆಳಕಿನಲ್ಲೇ ತೆಗೆಯಿರಿ.

ಜಾಗದ ಗುರುತಿಗೆ ನೆಲವಿದೆಯಲ್ಲ. ಟೈಲ್ಸ್ ಬದಲಾಗಿಲ್ಲದಿದ್ದರೆ, ಹಳೆಯ ವಿಡಿಯೊದ ಒಂದು ಫ್ರೇಮನ್ನು ಇನ್ನೊಂದು ಫೋನಿನಲ್ಲಿ ತೆರೆದಿಟ್ಟುಕೊಳ್ಳಿ. ಟೈಲ್ಸ್ ಸಂದಿನ ಗೆರೆಗಳು ಚೌಕಟ್ಟಿನ ಕೆಳಅಂಚನ್ನು ಎಲ್ಲಿ ಮುಟ್ಟುತ್ತವೆ, ಕಿಟಕಿಯ ಕೆಳಗಿನ ಅಂಚು ಎಷ್ಟು ಎತ್ತರದಲ್ಲಿದೆ ಎಂದು ನೋಡಿಕೊಂಡು, ಹೊಸ ಫೋನನ್ನು ಆ ಎರಡೂ ಹೊಂದುವವರೆಗೆ ಸರಿಸಿ. ಮೊದಲ ಮತ್ತು ಕೊನೆಯ ಶಟರ್ ದೃಶ್ಯಗಳೆರಡೂ 1ರಲ್ಲೇ ಇರಲಿ, ಏಕೆಂದರೆ ಅವು ಜೋಡಿ. ತೆರೆಯುವುದು ದೂರದ ಶಟರ್ ಆದರೆ ಅದು 1ರ ಚೌಕಟ್ಟಿನೊಳಗೆ ಬರುತ್ತದೆ. ಇಡೀ ಕೋಣೆಯ 0.5ರ ದೃಶ್ಯವನ್ನು ಅದರ ನಂತರ ಹಾಕಿ.

ಕಿರುಮಸೂರ:
ಕೊನೆಗೂ 1ಕ್ಕೇ ಬಂದಿರಿ. ನಾನು ಮೊದಲೇ ಹೇಳಿದ್ದೆ.

ಹಾಸನದ_ಒಳಾಂಗಣ:
ಟೈಲ್ಸ್ ಹಳೆಯವೇ. ವಿಡಿಯೊದಲ್ಲಿ ಅವಳು ತೆರೆದದ್ದೂ ಕೊನೆಯ ಶಟರ್. ನಕ್ಷೆಯನ್ನು ತಿರುಗಿಸಿ ಬರೆದು, ಮೊದಲ ದೃಶ್ಯ ಬದಲಿಸಿ ಪರಿಚಯದ ಒಬ್ಬರಿಗೆ ತೋರಿಸಿದೆ. ಬೀರು ಎಲ್ಲಿದೆ ಎಂದು ಕೇಳಿದಾಗ ಬಲಗಡೆ ಎಂದು ತಕ್ಷಣ ಹೇಳಿದರು. ಮನೆಯವರು ಭಾನುವಾರ ಬೆಳಿಗ್ಗೆ ಬರಲು ಹೇಳಿದ್ದಾರೆ. ಆದರೆ ಮಂಚದ ಮೇಲೆ ರಾಶಿ ಬಿದ್ದ ಹಳೆಯ ಬಟ್ಟೆಗಳು ಕಾಣುವ ದೃಶ್ಯವನ್ನು ಹಾಕಲು ಹುಡುಗಿಯ ತಾಯಿ ಒಪ್ಪುತ್ತಿಲ್ಲ.

ಕತ್ತರಿಮೇಜು:
ಪೂರ್ವದ ಕಿಟಕಿಗೆ ಬೆಳಗಿನ ಬಿಸಿಲು ನೇರ ಬೀಳುತ್ತದೆ, ಬೀರುವಿನ ಹೊಸ ಲ್ಯಾಮಿನೇಟ್ ಮಿಂಚಿ ಬಿಳಿಯಾಗುತ್ತದೆ. ಸಾಧ್ಯವಾದರೆ ಮಧ್ಯಾಹ್ನ ಹೋಗಿ. ಬಟ್ಟೆಯ ರಾಶಿ ಚೌಕಟ್ಟಿನ ಎಡಭಾಗದಲ್ಲಿದ್ದರೆ ಹಿಗ್ಗಿಸಿ, ಶಟರ್ ಮಾತ್ರ ಉಳಿಯುವಂತೆ ಕತ್ತರಿಸಬಹುದು. ಹಾಗೆ ಮಾಡಿದರೆ ಕೊನೆಯ ದೃಶ್ಯವನ್ನೂ ಅಷ್ಟೇ ಕತ್ತರಿಸಬೇಕು. ಆ ತಾಯಿಯ ಒಪ್ಪಿಗೆ ಮಾತ್ರ ನೀವೇ ಪಡೆಯಬೇಕು.

ಅಡುಗೆಮನೆ_ಅಳತೆ:
ನನ್ನ ಎಲ್-ಆಕಾರದ ನಕ್ಷೆಯನ್ನೂ ತಿರುಗಿಸಬೇಕೇ? ಅಲ್ಲಿ ಬಾಗಿಲು ಎರಡಿವೆ.