ಫರ್ನೇಸಿನ ಅಂಚು, ಮೂಲೆಗಳಿಂದ ಹೋಗುವ ಶಾಖ: ಲೆಕ್ಕಕ್ಕೂ ಮೀಟರಿಗೂ ತಾಳೆಯಾಗುತ್ತಿಲ್ಲ

ಕೇಳಿದವರು (ಪೀಣ್ಯ, ಹೀಟ್ ಟ್ರೀಟ್‌ಮೆಂಟ್): ನಮ್ಮದು ಕರೆಂಟಿನ ಬಾಕ್ಸ್ ಫರ್ನೇಸ್. ಒಳಗಿನ ಅಳತೆ ಮೂರೂ ಕಡೆ 500 ಮಿ.ಮೀ., ಸುತ್ತ 230 ಮಿ.ಮೀ. ಇನ್ಸುಲೇಷನ್ ಇಟ್ಟಿಗೆ. ಒಳಗೆ 900 ಡಿಗ್ರಿ, ಹೊರಗಿನ ಶೀಟಿನ ನಡುವೆ 100 ಡಿಗ್ರಿ ಇದೆ. ಇಟ್ಟಿಗೆಯ k 0.3 ಹಿಡಿದು ಆರು ಗೋಡೆಗೆ ಲೆಕ್ಕ ಹಾಕಿದರೆ 1.57 ಕಿಲೋವ್ಯಾಟ್ ಬರುತ್ತೆ. ಖಾಲಿ ಫರ್ನೇಸನ್ನು ರಾತ್ರಿಯಿಡೀ 900ರಲ್ಲೇ ಬಿಟ್ಟು ನೋಡಿದರೆ ಮೀಟರ್ 2.7 ತೋರಿಸುತ್ತೆ. ಅಂಚು, ಮೂಲೆಗಳಿಂದಲೇ ಇಷ್ಟು ಹೋಗುತ್ತಾ? ಅದನ್ನು ಹೇಗೆ ಲೆಕ್ಕ ಹಾಕ್ತೀರಿ?

ಮೇಂಟೆನೆನ್ಸ್‌ನವ: ನೀವು ಒಳಗಿನ ವಿಸ್ತೀರ್ಣ ಹಿಡಿದಿದ್ದೀರಿ, ಎಡವಟ್ಟಾಗಿರೋದು ಅಲ್ಲೇ. ಶಾಖ ಹೊರಗೆ ಬಿಡೋದು ಹೊರಮೈ ತಾನೇ? ಹೊರಗಿನ ಅಳತೆ 960 ಮಿ.ಮೀ. ಆಗುತ್ತೆ, ಅದನ್ನೇ ಹಾಕಿ. ತೀರಾ ಜಾಸ್ತಿ ಬಂದರೆ ಒಳಗಿನದು, ಹೊರಗಿನದು ಎರಡರ ಸರಾಸರಿ ತಗೊಳ್ಳಿ. ನಾವು ಹಾಗೇ ಮಾಡೋದು.

ಫರ್ನೇಸ್ ಕಟ್ಟುವವರು: ಒಳಮೈ ಒಂದೇ ಸಾಲದು ಅನ್ನೋದು ಸರಿ ಅಣ್ಣ. ಆದರೆ ನೀವು ಹೇಳಿದ ಎರಡು ದಾರಿಯನ್ನೂ ಇವರ ಅಂಕಿಗೆ ಹಚ್ಚಿ ನೋಡಿ. ಹೊರಮೈ ಹಿಡಿದರೆ 5.8 ಕಿಲೋವ್ಯಾಟ್ ಬರುತ್ತೆ, ಸರಾಸರಿ ಹಿಡಿದರೂ 3.7 ಬರುತ್ತೆ. ಮೀಟರ್ ಹೇಳ್ತಿರೋದು 2.7. ಗೋಡೆ ತೆಳ್ಳಗಿದ್ದು ಫರ್ನೇಸ್ ದೊಡ್ಡದಿದ್ದರೆ ಸರಾಸರಿ ನಡೆಯುತ್ತೆ. ಇಲ್ಲಿ ಗೋಡೆಯ ದಪ್ಪವೇ ಒಳಗಿನ ಅಗಲದ ಅರ್ಧದಷ್ಟಿದೆ, ನಡೆಯಲ್ಲ.

ನಾನು ಗೋಡೆ, ಅಂಚು, ಮೂಲೆ ಮೂರನ್ನೂ ಬೇರೆ ಬೇರೆ ಹಿಡಿದು ಶೇಪ್ ಫ್ಯಾಕ್ಟರ್ ಕೂಡಿಸ್ತೀನಿ. ಇದು ಹಳೇ ಲೆಕ್ಕ, ಲ್ಯಾಂಗ್‌ಮ್ಯೂರ್ ಮತ್ತು ಜೊತೆಗಾರರು 1913ರಲ್ಲೇ ಕೊಟ್ಟದ್ದು. ಎಲ್ಲ ಅಳತೆಯೂ ಒಳಗಿನದು, ಮೀಟರಿನಲ್ಲಿ:

```
ಗೋಡೆ: S = A / L
ಅಂಚು: S = 0.54 × D
ಮೂಲೆ: S = 0.15 × L
Q = k × (S ಮೊತ್ತ) × (T1 − T2)
```

L ಗೋಡೆಯ ದಪ್ಪ, D ಒಂದು ಅಂಚಿನ ಉದ್ದ. ನಿಮ್ಮ ಆರು ಗೋಡೆಗೆ 6.52 ಬರುತ್ತೆ, ಹನ್ನೆರಡು ಅಂಚಿಗೆ 3.24, ಎಂಟು ಮೂಲೆಗೆ ಒಟ್ಟು 0.28. ಕೂಡಿದರೆ ಸುಮಾರು 10.04. ಇದನ್ನು 0.3ರಿಂದಲೂ 800 ಡಿಗ್ರಿ ವ್ಯತ್ಯಾಸದಿಂದಲೂ ಗುಣಿಸಿ: 2.41 ಕಿಲೋವ್ಯಾಟ್. ಅಂದರೆ ಗೋಡೆಗಳ ಲೆಕ್ಕದ ಮೇಲೆ 54 ಶೇಕಡಾ ಹೆಚ್ಚು, ಅದರಲ್ಲಿ ಹೆಚ್ಚುಕಮ್ಮಿ ಎಲ್ಲವೂ ಅಂಚಿನದ್ದೇ. ಎಂಟೂ ಮೂಲೆ ಸೇರಿ 66 ವ್ಯಾಟ್ ಅಷ್ಟೇ. ಮೂಲೆ ಅಂತ ಎಲ್ಲರೂ ಹೆದರ್ತಾರೆ, ತಿನ್ನೋದು ಅಂಚು.

ಇದೇ ಗೋಡೆಯನ್ನು ಒಳಗೆ 3 ಮೀಟರ್ ಇರುವ ಫರ್ನೇಸಿಗೆ ಕಟ್ಟಿದರೆ ಹೆಚ್ಚುವರಿ ಬರೀ 8 ಶೇಕಡಾ ಚಿಲ್ಲರೆ. ಅದಕ್ಕೇ ದೊಡ್ಡ ಫರ್ನೇಸಿನವರು ಇದನ್ನು ಕೈಬಿಟ್ಟರೂ ನಡೆದುಹೋಗುತ್ತೆ. ಇನ್ನೊಂದು ಮಾತು: ಒಳಗಿನ ಪ್ರತಿ ಅಳತೆಯೂ ದಪ್ಪದ ಐದನೇ ಒಂದು ಭಾಗಕ್ಕಿಂತ ಹೆಚ್ಚಿದ್ದರೆ ಮಾತ್ರ ಈ ಸಂಖ್ಯೆಗಳು ಸರಿ. ನಿಮಗೆ ಆ ಗಡಿ 46 ಮಿ.ಮೀ., ಚಿಂತೆ ಇಲ್ಲ.

ಕ್ಯಾಲ್ಕುಲೇಟರ್ ಇಲ್ಲದಾಗ ನಾನು ಮಾಡೋದು ಹೀಗೆ. ಒಳಗಿನ ಪ್ರತಿ ಗೋಡೆಯನ್ನೂ ನಾಲ್ಕೂ ಬದಿಗೆ ದಪ್ಪದ 0.27ರಷ್ಟು ಹಿಗ್ಗಿಸಿ, ಅದನ್ನೇ ವಿಸ್ತೀರ್ಣ ಅಂದುಕೊಳ್ಳೋದು. ನಿಮಗೆ ಪ್ರತಿ ಬದಿಗೆ 62 ಮಿ.ಮೀ., ಅಂದರೆ 500 ಇದ್ದದ್ದು 624 ಆಯ್ತು. ಉತ್ತರ 2.44 ಕಿಲೋವ್ಯಾಟ್. ಮೂವತ್ತು ವ್ಯಾಟ್ ವ್ಯತ್ಯಾಸಕ್ಕೆ ಯಾರೂ ಜಗಳ ಆಡಲ್ಲ.

ಬೇಕರಿ, ದಾವಣಗೆರೆ: ನಮ್ಮ ಭಟ್ಟಿಗೂ ಇದೇ ತೊಂದರೆ ಸಾರ್. ಬೆಳಗಿನ ಜಾವ ಸೌದೆ ಹಾಕಿದರೆ ಬಿಸಿ ಏರೋಕೆ ಎರಡು ತಾಸು ಬೇಕು. ಅಂಚುಗಳನ್ನೆಲ್ಲ ಒಳಗಿನಿಂದ ಗುಂಡಗೆ ಮಾಡಿಸಿದರೆ ಬೇಗ ಏರುತ್ತಾ?

ಫರ್ನೇಸ್ ಕಟ್ಟುವವರು: ನಿಮ್ಮದು ಬೇರೆ ಕಥೆ ಯಜಮಾನರೇ. ಆ ಎರಡು ತಾಸು ಸೌದೆಯ ಶಾಖ ಇಟ್ಟಿಗೆಯ ಹೊಟ್ಟೆ ಸೇರುತ್ತೆ, ಹೊರಗೆ ಹೋಗೋದು ಸ್ವಲ್ಪವೇ. ಈ ಲೆಕ್ಕ ಗೋಡೆ ಪೂರ್ತಿ ಕಾದು ನಿಂತ ಮೇಲಿನದು. ನಿಮಗೆ ಬೇಕಿರೋದು ಒಳಮೈಯಲ್ಲಿ ಹಗುರ ಇಟ್ಟಿಗೆ, ಅಂಚು ಗುಂಡಗಾದರೆ ಏನೂ ಆಗಲ್ಲ.

ಎಂ.ಟೆಕ್. ವಿದ್ಯಾರ್ಥಿ: ಸಾರ್, 0.54 ತಪ್ಪು ಅನ್ಸುತ್ತೆ. ನಾನು ಎಕ್ಸೆಲ್‌ನಲ್ಲಿ ಒಂದು ಅಂಚಿನ ಅಡ್ಡಸೀಳನ್ನು ಚೌಕಗಳಾಗಿ ಮಾಡಿ, ಪ್ರತಿ ಮನೆಗೂ ಅಕ್ಕಪಕ್ಕದ ನಾಲ್ಕರ ಸರಾಸರಿ ಕೊಟ್ಟು ಓಡಿಸಿದೆ. ಚೌಕ ಸಣ್ಣದು ಮಾಡಿದಷ್ಟೂ 0.56ರ ಹತ್ತಿರ ನಿಲ್ಲುತ್ತೆ, 0.54ಕ್ಕೆ ಇಳಿಯೋದೇ ಇಲ್ಲ.

ಫರ್ನೇಸ್ ಕಟ್ಟುವವರು: ನಿಮ್ಮದು ಸರಿ ಇದೆ ಮಾರಾಯ್ರೆ. ಕರಾರುವಾಕ್ಕಾದ ಗಣಿತದಲ್ಲಿ ಅದು 0.559. ಸರ್ಕ್ಯೂಟ್ ಬೋರ್ಡ್ ಮಾಡುವವರು ತಾಮ್ರದ ಗೆರೆ ನೇರ ಕೋನಕ್ಕೆ ತಿರುಗಿದಾಗ ಆ ಮೂಲೆಯ ಚೌಕವನ್ನು 0.56 ಅಂತ ಎಣಿಸ್ತಾರೆ, ಇದೂ ಅದೇ ಸಂಖ್ಯೆ. ಬಳಕೆಯಲ್ಲಿ ಉಳಿದಿರೋದು ಮಾತ್ರ ಹಳೇ 0.54. ಇವರ ಫರ್ನೇಸಿಗೆ ಆ ವ್ಯತ್ಯಾಸ ಮೂವತ್ತು ವ್ಯಾಟಿಗೂ ಕಮ್ಮಿ.

ಎನರ್ಜಿ ಆಡಿಟ್ ಮಾಡುವವರು: ನನಗೆ ಒಪ್ಪಿಗೆ ಆಗ್ತಿಲ್ಲ. ಎಷ್ಟೋ ಫರ್ನೇಸುಗಳ ಅಂಚಿಗೆ ಥರ್ಮಲ್ ಗನ್ ಹಿಡಿದಿದ್ದೀನಿ. ಹೊರಗಡೆ ಅಂಚು ಯಾವಾಗಲೂ ನಡುವಿಗಿಂತ ತಣ್ಣಗೇ ಇರುತ್ತೆ, ಮೂಲೆ ಇನ್ನೂ ತಣ್ಣಗೆ. ತಣ್ಣಗಿರುವ ಕಡೆಯಿಂದ ಹೆಚ್ಚು ಶಾಖ ಹೋಗುತ್ತೆ ಅಂದರೆ ಹೇಗೆ?

ಫರ್ನೇಸ್ ಕಟ್ಟುವವರು: ಗನ್ ಸುಳ್ಳು ಹೇಳ್ತಿಲ್ಲ ಸಾರ್. ಹೊರ ಅಂಚಿನ ಒಂದೊಂದು ಚದರ ಇಂಚೂ ಕಮ್ಮಿಯೇ ಬಿಡುತ್ತೆ, ಆದರೆ ಅಂಥ ಜಾಗ ಬಹಳ ಇದೆ. ಇವರ ಫರ್ನೇಸಿನ ಹೊರಮೈ 5.5 ಚದರ ಮೀಟರ್, ಒಳಮೈ 1.5. ಉಳಿದ 4 ಚದರ ಮೀಟರ್ ಅಂಚು, ಮೂಲೆಗಳ ಪಾಲು. ಅಲ್ಲಿಂದ 840 ವ್ಯಾಟ್ ಹೋದರೆ ಚದರ ಮೀಟರಿಗೆ 210 ವ್ಯಾಟ್. ನಡುವೆ ಅದು ಸಾವಿರದ ಮೇಲಿದೆ. ಶೆಡ್ಡಿನ ಗಾಳಿ 30 ಡಿಗ್ರಿ ಇದ್ದರೆ ಅಂಚಿನ ಕಡೆ ಸರಾಸರಿ 50ರ ಆಸುಪಾಸು ಕಾಣಬೇಕು. ತಣ್ಣಗೇ ಇರುತ್ತೆ, ಆದರೂ ಹೋಗುತ್ತೆ.

ಹೇಳಿದ್ದಕ್ಕೆ ಬೇಜಾರು ಮಾಡ್ಕೋಬೇಡಿ, ಆಡಿಟ್ಟಿನಲ್ಲಿ ನಾನು ಕಂಡ ತಪ್ಪು ಇದಕ್ಕೆ ಉಲ್ಟಾ. ನಡುವಿನ 100 ಡಿಗ್ರಿಯನ್ನೇ ಹೊರಮೈ ಪೂರ್ತಿಗೆ ಹಚ್ಚಿದರೆ ನಷ್ಟ ಎರಡು ಪಟ್ಟಿಗಿಂತ ಹೆಚ್ಚು ಬರುತ್ತೆ. ಆಮೇಲೆ ಮೇಲೊಂದು ಪದರ ಹೊದಿಸಿ ಅಂತ ಸಲಹೆ ಬರುತ್ತೆ. ಹೊದಿಸಿದ ಮೇಲೆ ಉಳಿತಾಯ ಎಲ್ಲಿ ಅಂತ ಹುಡುಕೋದು ಫರ್ನೇಸಿನವರ ಪಾಡು.

ಎನರ್ಜಿ ಆಡಿಟ್ ಮಾಡುವವರು: ಹೊರಮೈಯನ್ನು ಒಂಬತ್ತು ಚೌಕ ಮಾಡಿ ಒಂದೊಂದಕ್ಕೂ ಬೇರೆ ಬೇರೆ ಅಳೆದರೆ ನನ್ನ ದಾರಿಯೂ ಸರಿಹೋಗುತ್ತೆ. ಎಲ್ಲರೂ ಹಾಗೆ ಅಳೆಯಲ್ಲ ಅನ್ನೋದು ನಿಜ.

ಕೇಳಿದವರು: ಅಂಚಿನ ಹತ್ತಿರ ಗನ್ ಹಿಡಿದೆ. ಮೂರು ಕಡೆ 52, 48, 55 ಬಂತು. ಬಾಗಿಲ ಕಡೆ ಮಾತ್ರ 80. ಈಗ ಲೆಕ್ಕ 2.4, ಮೀಟರ್ 2.7. ಉಳಿದ 300 ವ್ಯಾಟ್ ಬಾಗಿಲದ್ದಾ?

ಫರ್ನೇಸ್ ಕಟ್ಟುವವರು: ಇರಬಹುದು. 900 ಡಿಗ್ರಿಯಲ್ಲಿ ತೆರೆದ ಜಾಗ ಚದರ ಮೀಟರಿಗೆ 107 ಕಿಲೋವ್ಯಾಟ್ ಬೆಳಕಾಗಿ ಹೊರಗೆ ಎಸೆಯುತ್ತೆ. ಬಾಗಿಲ ಒಂದು ಬದಿಯಲ್ಲಿ 2 ಮಿ.ಮೀ. ಸಂದು ಇದ್ದರೂ ಅಬ್ಬಬ್ಬಾ ಅಂದರೆ ನೂರು ವ್ಯಾಟ್ ಹೋದೀತು. ಸಂದು ಆಳವಾಗಿರೋದರಿಂದ ನಿಜವಾಗಿ ಇನ್ನೂ ಕಮ್ಮಿ. ಆದರೆ k ಬಗ್ಗೆಯೂ ಸಂಶಯ ಇಟ್ಟುಕೊಳ್ಳಿ. ನೀವು ಹಿಡಿದ 0.3 ಯಾವ ಉಷ್ಣತೆಯದು? ಗೋಡೆಯ ಸರಾಸರಿ 500 ಡಿಗ್ರಿ ಇದೆ, ಇಟ್ಟಿಗೆಯ ಪಟ್ಟಿಯಲ್ಲಿ ಆ ಸಾಲನ್ನೇ ನೋಡಬೇಕು. ಅದು 0.33 ಇದ್ದರೆ ಅಷ್ಟರಿಂದಲೇ 240 ವ್ಯಾಟ್ ಏರುತ್ತೆ. ಮೊದಲು ಬಾಗಿಲ ಸುತ್ತ ಸೆರಾಮಿಕ್ ಬ್ಲಾಂಕೆಟ್ ತುರುಕಿ ಒಂದು ರಾತ್ರಿ ಬಿಟ್ಟು ನೋಡಿ.

ಕೇಳಿದವರು: ತುರುಕಿದೆ ಸಾರ್, ಮೀಟರ್ 2.6ಕ್ಕೆ ಇಳಿಯಿತು. ಇಟ್ಟಿಗೆಯ ಪಟ್ಟಿ ಅಂಗಡಿಯವರನ್ನು ಕೇಳಿದ್ದೀನಿ, ಇನ್ನೂ ಬಂದಿಲ್ಲ.

ಎಂ.ಟೆಕ್. ವಿದ್ಯಾರ್ಥಿ: ಒಂದು ಅನುಮಾನ. ಬಾಗಿಲ ಇಟ್ಟಿಗೆ ಗೋಡೆಗೆ ಅಂಟಿಲ್ಲ, ನಡುವೆ ಸಂದಿದೆ. ಹಾಗಿದ್ದ ಮೇಲೆ ಬಾಗಿಲ ಸುತ್ತಿನ ನಾಲ್ಕು ಅಂಚಿಗೂ 0.54 ಪೂರ್ತಿ ಹಾಕೋದು ಸರಿಯಾ? ಆ ನಾಲ್ಕರದ್ದೇ 260 ವ್ಯಾಟ್ ಆಗುತ್ತೆ.

ಫರ್ನೇಸ್ ಕಟ್ಟುವವರು: ನಾನು ಪೂರ್ತಿ ಹಾಕ್ತೀನಿ, ನನಗೆ ಕಲಿಸಿದ ಮೇಸ್ತ್ರಿ ಅರ್ಧ ಹಾಕ್ತಿದ್ದರು. ಸಂದಿನಲ್ಲಿ ಶಾಖ ದಾಟೋಕೆ ಕಷ್ಟ ಅನ್ನೋದು ಅವರ ವಾದ. ಆದರೆ 900 ಡಿಗ್ರಿಯಲ್ಲಿ ಅಷ್ಟು ಕಿರಿದಾದ ಸಂದನ್ನು ವಿಕಿರಣ ಸಲೀಸಾಗಿ ದಾಟುತ್ತೆ ಅಂತ ನನ್ನದು. ಬಾಗಿಲನ್ನೂ ಸೇರಿಸಿ ಅಳೆದು ನೋಡಿದವರು ಯಾರಾದರೂ ಇದ್ದರೆ ಹೇಳಿ.