ಎನ್‌ಕ್ಲೆಕ್ಸ್: ಮೊದಲು ಯಾರನ್ನು ನೋಡಬೇಕು, ಯಾವ ಕೆಲಸ ಯಾರಿಗೆ ಕೊಡಬೇಕು?

ರಶ್ಮಿ, ಮಂಡ್ಯ: ವಾರ್ಡ್ ಡ್ಯೂಟಿ ಮಾಡ್ಕೊಂಡೇ, ಅಮೆರಿಕದಲ್ಲಿ ರಿಜಿಸ್ಟರ್ಡ್ ನರ್ಸ್ ಆಗೋಕೆ ಬರೆಯೋ ಎನ್‌ಕ್ಲೆಕ್ಸ್ ಆರ್‌ಎನ್‌ಗೆ ಓದ್ತಿದೀನಿ. ಕಾಯಿಲೆ, ಔಷಧಿ ಪ್ರಶ್ನೆ ಪರವಾಗಿಲ್ಲ. ನಾಲ್ಕು ರೋಗಿ ಕೊಟ್ಟು ಮೊದಲು ಯಾರನ್ನ ನೋಡ್ತೀರ ಅಂದ್ರೆ, ಇಲ್ಲಾ ಯಾವ ಕೆಲಸ ಯಾರಿಗೆ ವಹಿಸ್ತೀರ ಅಂದ್ರೆ ಎರಡು ಉತ್ತರದ ಮಧ್ಯೆ ಸಿಕ್ಕಾಕ್ಕೊಳ್ತೀನಿ. ಮೊದಲು ಶ್ವಾಸದ ದಾರಿ, ಆಮೇಲೆ ಉಸಿರಾಟ, ಆಮೇಲೆ ರಕ್ತ ಸಂಚಾರ ಅನ್ನೋ ಎಬಿಸಿ ಗೊತ್ತಿದ್ರೂ ತಪ್ಪಾಗತ್ತೆ. ಹೇಗೆ ಓದ್ಬೇಕು?

ಶೋಭಾ, ಮೈಸೂರು: ರಶ್ಮಿ, ಎಬಿಸಿ ನೋಡೋಕ್ಕಿಂತ ಮೊದಲು ಕೇಳ್ಕೋಬೇಕಾದ ಒಂದು ಪ್ರಶ್ನೆ ಇದೆ: ಈ ರೋಗಿಗೆ ಇದು ನಿರೀಕ್ಷಿತವಾ, ಹೊಸದಾ? ಒಂದು ಪ್ರಶ್ನೆಯನ್ನೇ ಬಿಡಿಸಿ ನೋಡೋಣ.

ಹ್ಯಾಂಡೋವರ್ ಮುಗೀತು. ಒಬ್ಬರಿಗೆ ಬಹುಕಾಲದ ಶ್ವಾಸಕೋಶದ ಕಾಯಿಲೆ ಸಿಒಪಿಡಿ, 2 ಲೀಟರ್ ಆಕ್ಸಿಜನ್ ಮೇಲೆ ಸ್ಯಾಚುರೇಷನ್ 90, ಕೆಮ್ಮು ಕಫ ಇದೆ. ಇನ್ನೊಬ್ಬ ತೊಡೆಮೂಳೆ ಮುರಿದ ಹುಡುಗ, ಎರಡನೇ ದಿನ. ರಾತ್ರಿಯೆಲ್ಲ ಸರಿಯಾಗಿ ಮಾತಾಡ್ತಿದ್ದವನು ಈಗ ಚಡಪಡಿಸ್ತಾ "ನಾನೆಲ್ಲಿದೀನಿ" ಅಂತಿದಾನೆ. ಮೂರನೆಯವರಿಗೆ ನಿನ್ನೆ ಅಪೆಂಡಿಕ್ಸ್ ಆಪರೇಷನ್, ನೋವು ಹತ್ತಕ್ಕೆ ಎಂಟು. ನಾಲ್ಕನೆಯವರ ಜಿಆರ್‌ಬಿಎಸ್ 250, ತಿಂಡಿಗೆ ಮುಂಚೆ ಇನ್ಸುಲಿನ್ ಕೊಡಬೇಕು.

ಎಬಿಸಿ ಹಿಡ್ಕೊಂಡು ಹೊರಟವರು ಸಿಒಪಿಡಿಯವರ ಹತ್ತಿರ ಹೋಗ್ತಾರೆ, ಅಲ್ಲಿ ಉಸಿರಾಟ ಅನ್ನೋದು ಎದ್ದು ಕಾಣತ್ತಲ್ಲ. ಆದ್ರೆ ಅವರಿಗೆ ನಾವು ಇಟ್ಕೊಳ್ಳೋ ಗುರಿಯೇ 88ರಿಂದ 92. ಅವರು ಇರಬೇಕಾದ ಹಾಗೇ ಇದಾರೆ. ಉತ್ತರ ಆ ಹುಡುಗ. ಗೊಂದಲ, ಚಡಪಡಿಕೆ ಅಂದ ತಕ್ಷಣ ಮಿದುಳಿನ ತೊಂದರೆ ಅಂತ ಪಕ್ಕಕ್ಕೆ ಇಡ್ತೀವಿ. ಆದ್ರೆ ರಕ್ತದಲ್ಲಿ ಆಕ್ಸಿಜನ್ ಇಳಿದಾಗ ಮೊದಲು ಬದಲಾಗೋದು ಎಷ್ಟೋ ಸಲ ಮಾತು, ನಡವಳಿಕೆನೇ. ಉದ್ದದ ಮೂಳೆ ಮುರಿದು 24ರಿಂದ 72 ಗಂಟೆಯೊಳಗೆ ಹೀಗಾದ್ರೆ ಮೂಳೆಯ ಕೊಬ್ಬು ರಕ್ತದಲ್ಲಿ ಹೋಗಿ ಶ್ವಾಸಕೋಶದಲ್ಲಿ ಸಿಕ್ಕಾಕ್ಕೊಳ್ಳೋ ಫ್ಯಾಟ್ ಎಂಬಾಲಿಸಂ ಮನಸ್ಸಿಗೆ ಬರಬೇಕು. ಎದೆ ಮೇಲೆ ಚುಕ್ಕೆ ಚುಕ್ಕೆ ಕಂಡ್ರೆ ಸುಳಿವು ಗಟ್ಟಿ, ಕಾಣಲಿಲ್ಲ ಅಂತ ಬಿಡೋಹಾಗಿಲ್ಲ. ನೋವಿನ ಇಂಜೆಕ್ಷನ್ನಿಂದಲೂ ಗೊಂದಲ ಆಗಬಹುದು, ನಿಜ. ಯಾವುದು ಅಂತ ತಿಳಿಯೋಕೂ ಮೊದಲು ಅವನ ಹತ್ತಿರವೇ ಹೋಗಬೇಕಲ್ಲ.

ಈಗ ಪ್ರಶ್ನೆಯಲ್ಲಿ ಒಂದೇ ಒಂದು ವಿವರ ಬದಲಾಯಿಸಿ. ಹುಡುಗ ಆರಾಮಾಗಿದಾನೆ, ಸಿಒಪಿಡಿಯವರು ಎಬ್ಬಿಸಿದ್ರೂ ತೂಕಡಿಸ್ತಿದಾರೆ ಅನ್ಕೊಳ್ಳಿ. ಸ್ಯಾಚುರೇಷನ್ ಅದೇ 90 ಇದ್ರೂ ಉತ್ತರ ಬದಲಾಯ್ತು, ಯಾಕಂದ್ರೆ ಒಳಗೆ ಕಾರ್ಬನ್ ಡೈಆಕ್ಸೈಡ್ ಏರ್ತಿರಬಹುದು. ತಪ್ಪಿದ ಪ್ರತಿ ಪ್ರಶ್ನೆಗೂ ಹೀಗೆ ಒಂದು ಬದಲಾವಣೆ ಮಾಡಿ ಬರೆದುಕೊಳ್ಳಿ. ಉಳಿದ ಮೂವರು ಯಾಕೆ ಕಾಯಬಹುದು ಅನ್ನೋದನ್ನೂ ಒಂದೊಂದು ಸಾಲು ಬರೀರಿ. ಆ ಮೂರು ಸಾಲು ಬರೆಯೋಕೆ ಆಗ್ಲಿಲ್ಲ ಅಂದ್ರೆ ಉತ್ತರ ಸರಿ ಬಂದಿದ್ರೂ ಅದು ಊಹೆ.

ಮಂಜುನಾಥ್, ಶ್ರೀರಂಗಪಟ್ಟಣ: ಕೆಲಸ ಹಂಚೋದು ಅಷ್ಟು ಕಷ್ಟ ಇಲ್ಲ ಸಿಸ್ಟರ್. ಸ್ನಾನ, ಊಟ, ವೈಟಲ್ಸ್, ಇನ್‌ಟೇಕ್ ಔಟ್‌ಪುಟ್ ಲೈಸೆನ್ಸ್ ಇಲ್ಲದ ಸಹಾಯಕರಿಗೆ, ಅಂದ್ರೆ ಯುಎಪಿಗೆ. ಮಾತ್ರೆ, ಡ್ರೆಸ್ಸಿಂಗ್, ಕ್ಯಾಥೆಟರ್ ಆರ್‌ಎನ್‌ಗಿಂತ ಒಂದು ಮೆಟ್ಟಿಲು ಕೆಳಗಿನ ನರ್ಸ್ ಎಲ್‌ಪಿಎನ್‌ಗೆ. ಮೊದಲ ಅಸೆಸ್‌ಮೆಂಟ್, ರೋಗಿಗೆ ಹೊಸದಾಗಿ ಹೇಳಿಕೊಡೋದು, ಐವಿ ಪುಷ್, ರಕ್ತ ಶುರು ಮಾಡೋದು ಆರ್‌ಎನ್‌ಗೆ. ಈ ಪಟ್ಟಿ ಬಾಯಿಪಾಠ ಮಾಡಿದ್ರೆ ಸಾಕು.

ಜಾನಕಿ, ಮೈಸೂರು: ಮಂಜುನಾಥ್ ಸರ್ ಪಟ್ಟಿ ಸರಿನೇ, "ಸಾಕು" ಅನ್ನೋದನ್ನ ಒಪ್ಪಲ್ಲ. ಪರೀಕ್ಷೆಯವರು ಕೆಲಸ ಅದೇ ಇಟ್ಟು ರೋಗಿಯನ್ನ ಬದಲಾಯಿಸ್ತಾರೆ. ನಾಳೆ ಮನೆಗೆ ಹೋಗೋರ ಬಿಪಿ ಯುಎಪಿ ನೋಡಬಹುದು. ಈಗಷ್ಟೇ ಥಿಯೇಟರ್‌ನಿಂದ ಬಂದವರ ಮೊದಲ ಬಿಪಿ ಆರ್‌ಎನ್‌ದು, ಅಲ್ಲಿ ಓದೋ ಅಂಕಿಗೆ ಅರ್ಥ ಕಟ್ಟಬೇಕು. ಯುಎಪಿ ಬಂದು "ಬಿಪಿ 84/50" ಅಂದ್ರೆ "ಇನ್ನೊಂದ್ಸಲ ನೋಡ್ಬಿಟ್ಟು ಹೇಳು" ಅನ್ನೋ ಆಯ್ಕೆ ಇದ್ದೇ ಇರತ್ತೆ, ಅದು ತಪ್ಪು. ನೀವೇ ಎದ್ದು ಹೋಗಬೇಕು.

ನಮ್ಮ ಕಡೆಯವರಿಗೆ ಇಲ್ಲೇ ತೊಡಕು. ಎಷ್ಟೋ ವಾರ್ಡ್‌ಗಳಲ್ಲಿ ಜಿಎನ್‌ಎಂ, ಬಿಎಸ್ಸಿ ಇಬ್ಬರೂ ಒಂದೇ ಕೆಲಸ ಮಾಡ್ತಾರೆ, ಊಟ ತಿನ್ಸೋದು ರೋಗಿ ಜೊತೆ ಬಂದ ಅಟೆಂಡರ್. ಎಲ್‌ಪಿಎನ್ ಅನ್ನೋ ಮೆಟ್ಟಿಲೇ ನಮಗೆ ಕಂಡಿಲ್ಲ. ಹಾಗಾಗಿ "ಸ್ಟ್ರೋಕ್ ಆದವರಿಗೆ ಊಟ ಮಾಡಿಸೋದು" ಅಂತ ಓದಿದ ತಕ್ಷಣ ಕೈ ಯುಎಪಿ ಕಡೆ ಹೋಗತ್ತೆ. ನುಂಗೋ ಶಕ್ತಿ ಪರೀಕ್ಷೆ ಆಗಿದ್ಯಾ ಅಂತ ಪ್ರಶ್ನೆಯಲ್ಲಿ ಹುಡುಕಿ. ಆಗಿಲ್ಲ ಅಂದ್ರೆ ಬಾಯಿಗೆ ಏನೂ ಹೋಗಬಾರದು, ನೀರೂ ಸೇರಿ.

ಮಂಜುನಾಥ್, ಶ್ರೀರಂಗಪಟ್ಟಣ: ಪರೀಕ್ಷೆ ಆಗಿ ಮೆತ್ತನೆ ಆಹಾರ ಕೊಡಿ ಅಂತ ಬರೆದಿದ್ರೆ ಯುಎಪಿಗೆ ಕೊಡಬಹುದಲ್ವಾ ಮೇಡಂ?

ಜಾನಕಿ, ಮೈಸೂರು: ಕೆಲವು ಪ್ರಶ್ನೆ ಸಂಗ್ರಹಗಳಲ್ಲಿ ಹೌದು, ಕೆಲವುದರಲ್ಲಿ ಎಲ್‌ಪಿಎನ್. ಅದಕ್ಕಿಂತ ಸುರಕ್ಷಿತವಾದ ಕೆಲಸ ಆಯ್ಕೆಗಳಲ್ಲಿ ಇದ್ರೆ ಯುಎಪಿಗೆ ನಾನು ಅದನ್ನೇ ಕೊಡ್ತೀನಿ.

ಶೋಭಾ, ಮೈಸೂರು: ನನಗನಿಸೋದು, ನುಂಗೋದು ಸ್ಥಿರ ಅಂತ ಸ್ಪಷ್ಟವಾಗಿ ಬರೆದಿದ್ರೆ, ಹೇಗೆ ಕೂರಿಸ್ಬೇಕು, ಏನಾದ್ರೆ ತಕ್ಷಣ ಕರೀಬೇಕು ಅಂತ ಹೇಳಿಕೊಟ್ಟು ಯುಎಪಿಗೆ ಒಪ್ಪಿಸಬಹುದು. "ತೊಂದರೆ ಆದ್ರೆ ಹೇಳು" ಅನ್ನೋದು ಸೂಚನೆ ಅಲ್ಲ. "ಕೆಮ್ಮಿದ್ರೆ, ಸ್ವರ ಗೊರಗೊರ ಆದ್ರೆ ನಿಲ್ಸಿ ಕರಿ" ಅನ್ನೋದು ಸೂಚನೆ.

ಚೈತ್ರಾ, ಮದ್ದೂರು: ನಾನು ಏಮ್ಸ್ ನರ್ಸಿಂಗ್ ಆಫೀಸರ್ ನೇಮಕಾತಿ ಪರೀಕ್ಷೆ ನಾರ್ಸೆಟ್‌ಗೆ ಓದ್ತಿದೀನಿ ಅಕ್ಕ, ಅದಕ್ಕೂ ಈ ಎಲ್‌ಪಿಎನ್ ವಿಷಯ ಬರತ್ತಾ? ಅದರಲ್ಲಿ ತಪ್ಪಿಗೆ ಅಂಕ ಕಳೀತಾರಲ್ವಾ?

ಜಾನಕಿ, ಮೈಸೂರು: ಚೈತ್ರಾ, ರಶ್ಮಿ ಕೇಳಿರೋದು ಅಮೆರಿಕದ ಪರೀಕ್ಷೆ. ಎಲ್‌ಪಿಎನ್ ಅಲ್ಲಿನ ಹುದ್ದೆ, ನಿನ್ನದಕ್ಕೆ ಬೇಕಾಗಲ್ಲ. ಯಾರನ್ನ ಮೊದಲು ನೋಡೋದು ಅನ್ನೋದಷ್ಟೇ ಓದ್ಕೊ. ಹೌದು, ನಾರ್ಸೆಟ್‌ನಲ್ಲಿ ತಪ್ಪಿಗೆ ಮೂರನೇ ಒಂದು ಅಂಕ ಹೋಗತ್ತೆ.

ರಶ್ಮಿ, ಮಂಡ್ಯ: ಇನ್ನೊಂದು. "ಮೊದಲು ಏನು ಮಾಡ್ತೀರ" ಅಂದಾಗ ಡಾಕ್ಟರ್‌ಗೆ ಫೋನ್ ಮಾಡೋದು ಅಂತ ಹಾಕ್ತೀನಿ, ತಪ್ಪಾಗತ್ತೆ.

ಶೋಭಾ, ಮೈಸೂರು: ವಾರ್ಡಿನ ಅಭ್ಯಾಸ ಅದು. ಫೋನ್ ಹಚ್ಚಿದ ಹೊತ್ತಲ್ಲಿ ರೋಗಿಗೆ ಹಾನಿ ಮುಂದುವರಿಯತ್ತಾ ಅಂತ ಕೇಳ್ಕೊಳ್ಳಿ. ರಕ್ತ ಶುರುವಾಗಿ ಹತ್ತು ನಿಮಿಷಕ್ಕೆ ಚಳಿ, ಸೊಂಟ ನೋವು ಅಂದ್ರು ಅನ್ನಿ. ಫೋನ್ ಮುಗಿಯೋವರೆಗೆ ಹೊಂದದ ರಕ್ತ ಒಳಗೆ ಹೋಗ್ತಾನೇ ಇರತ್ತೆ. ಹಾಗಾಗಿ ಮೊದಲು ನಿಲ್ಸೋದು. "ವೇಗ ಕಮ್ಮಿ ಮಾಡೋದು" ಅನ್ನೋ ಆಯ್ಕೆಗೆ ಬೀಳಬೇಡಿ. ಆಮೇಲೆ ಬಿಟಿ ಸೆಟ್ ಪೂರ್ತಿ ತೆಗೆದು, ಹೊಸ ಸೆಟ್‌ನಲ್ಲಿ ನಾರ್ಮಲ್ ಸಲೈನ್ ಹಾಕಿ ಸಿರೆ ಉಳಿಸ್ಕೊಬೇಕು. ಹಳೇ ಸೆಟ್‌ಗೇ ಸಲೈನ್ ಹಚ್ಚಿದ್ರೆ ಕೊಳವೆಯಲ್ಲಿ ಉಳಿದ ರಕ್ತವನ್ನ ನಾವೇ ಒಳಗೆ ತಳ್ಳಿದ ಹಾಗೆ. ರೋಗಿಯನ್ನ ಬಿಟ್ಟು ಹೋಗದೆ ವೈಟಲ್ಸ್ ನೋಡ್ತಾ ಡಾಕ್ಟರ್‌ಗೆ ತಿಳಿಸೋದು. ಚೀಟಿ, ಹೆಸರು ಮತ್ತೆ ತಾಳೆ ನೋಡಿ, ಚೀಲ ಸೆಟ್ ಎರಡನ್ನೂ ಬ್ಲಡ್ ಬ್ಯಾಂಕ್‌ಗೆ ಕಳಿಸೋದು.

ನೀವು ಮಾಡಬಹುದಾದದ್ದನ್ನೆಲ್ಲ ಆಗಲೇ ಮಾಡಿದಾರೆ ಅಂತ ಪ್ರಶ್ನೆಯಲ್ಲೇ ಇದ್ದಾಗ ಫೋನ್ ಸರಿ ಉತ್ತರ ಆಗತ್ತೆ.

ಮಂಜುನಾಥ್, ಶ್ರೀರಂಗಪಟ್ಟಣ: ದಿನಾ ಒಂದೇ ಸಮ 85 ಪ್ರಶ್ನೆ ಕೂತು ಮಾಡಿ. ಪರೀಕ್ಷೆಯಲ್ಲಿ ಕನಿಷ್ಠ ಅಷ್ಟು, ಗರಿಷ್ಠ 150, ಸಮಯ ಐದು ಗಂಟೆ. ಕೂತು ಅಭ್ಯಾಸ ಇಲ್ದಿದ್ರೆ ತಲೆ ನಿಲ್ಲಲ್ಲ.

ಜಾನಕಿ, ಮೈಸೂರು: ನೈಟ್ ಡ್ಯೂಟಿ ಮುಗಿಸಿ ಬಂದು 85 ಮಾಡಿದ್ರೆ ವಿವರಣೆ ಓದೋ ಶಕ್ತಿ ಉಳಿಯಲ್ಲ. ಡ್ಯೂಟಿ ದಿನ 20 ಮಾಡಿ, ವಿವರಣೆ ಪೂರ್ತಿ ಓದಿ. ರಜೆ ದಿನ 85 ಇರಲಿ. "ಅನ್ವಯಿಸುವುದೆಲ್ಲ ಆರಿಸಿ" ಅನ್ನೋ ಪ್ರಶ್ನೆಗಳನ್ನ ಬೇರೆಯಾಗಿ ಅಭ್ಯಾಸ ಮಾಡಿ. ಸರಿಗೆ ಒಂದು ಅಂಕ ಬಂದ್ರೆ, ತಪ್ಪು ಗುರುತಿಗೆ ಒಂದು ಅದೇ ಪ್ರಶ್ನೆಯಲ್ಲಿ ಹೋಗತ್ತೆ, ಸೊನ್ನೆಗಿಂತ ಕೆಳಗೆ ಮಾತ್ರ ಇಳಿಯಲ್ಲ. ಇರಲಿ ಅಂತ ಎಲ್ಲಾ ಒತ್ತೋದು ಬೇಡ.